ಫೋಟೋ ಚಿತ್ರವಾಗುವಾಗ ಮುಖದ ಗುರುತುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಜನರ ಫೋಟೋಗಳನ್ನು ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ರಚಿಸುವ ಎಐ ಮಾದರಿ ಬಳಸಿ ಜಲವರ್ಣದ ಭಾವಚಿತ್ರಗಳಾಗಿ ಮಾಡಿಕೊಡುತ್ತೇನೆ. ಕಳೆದ ವಾರ ಒಬ್ಬ ಮಹಿಳೆಗೆ ಚಿತ್ರ ಕಳಿಸಿದೆ. ಅವರ ಬಲಗಣ್ಣು ಮತ್ತು ಬಾಯಿಯ ಸುತ್ತ ತೊನ್ನಿನ ಬಿಳಿ ಭಾಗಗಳಿವೆ, ಗದ್ದದ ಮೇಲೆ ಹಳೆಯ ಗಾಯದ ಗೆರೆ ಇದೆ. ಚಿತ್ರದಲ್ಲಿ ಎರಡೂ ಇರಲಿಲ್ಲ, ಕಣ್ಣಂಚಿನ ಸುಕ್ಕುಗಳೂ ಮಾಯವಾಗಿದ್ದವು. ಅವರು "ಚಿತ್ರ ಚೆನ್ನಾಗಿದೆ, ಆದರೆ ಇವರು ಯಾರು?" ಎಂದು ಕೇಳಿದರು. ಪ್ರಾಂಪ್ಟಿನಲ್ಲಿ vitiligo ಎಂದು ಸೇರಿಸಿದರೆ ಅವರ ಮುಖದಲ್ಲಿ ಇಲ್ಲದ ಜಾಗಗಳಲ್ಲೆಲ್ಲ ಬಿಳಿ ಮೂಡುತ್ತದೆ. ಇದ್ದದ್ದನ್ನು ಇದ್ದ ಹಾಗೆಯೇ ಉಳಿಸಲು ದಾರಿ ಇದೆಯೇ?

ಉತ್ತರ: ದಾರಿ ಇದೆ, ಆದರೆ ಅದು ಪ್ರಾಂಪ್ಟಿನೊಳಗೆ ಇಲ್ಲ. ಆ ಪದವನ್ನು ಕಂಡಾಗ ಮಾದರಿಗೆ ನೆನಪಾಗುವುದು ತರಬೇತಿಯಲ್ಲಿ ಆ ಹೆಸರಿನೊಂದಿಗೆ ಬಂದ ಅನೇಕ ಮುಖಗಳ ಒಟ್ಟು ಸ್ವರೂಪವೇ ಹೊರತು ನಿಮ್ಮ ಮುಂದಿರುವ ಒಬ್ಬರ ಮುಖವಲ್ಲ. ಅದಕ್ಕೇ ಎರಡೂ ಕಣ್ಣುಗಳ ಸುತ್ತ ಸಮನಾದ ಬಿಳಿ ಬಳೆಗಳು ಮೂಡುತ್ತವೆ, ಹಣೆಯ ನಡುವೆ ಒಂದು ಪಟ್ಟೆ ಬರುತ್ತದೆ. ಬಿಳಿ ಭಾಗ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಅದರ ಅಂಚು ಎಲ್ಲಿ ಒಳಸರಿದಿದೆ ಎಂಬುದನ್ನು ಹೇಳುವ ಶಕ್ತಿ ಯಾವ ಪದಕ್ಕೂ ಇಲ್ಲ. ಆದ್ದರಿಂದ ಗುರುತನ್ನು ಮಾದರಿಯ ಕೈಯಲ್ಲಿ ಬರೆಸಲು ಹೋಗಬೇಡಿ. ಫೋಟೋದಲ್ಲಿ ಅದನ್ನು ಅಳೆದಿಟ್ಟುಕೊಂಡು, ಮಾದರಿ ತನ್ನ ಕೆಲಸ ಮುಗಿಸಿದ ಮೇಲೆ ಅದೇ ಜಾಗಕ್ಕೆ ಅದೇ ಪ್ರಮಾಣದಲ್ಲಿ ಮರಳಿ ತನ್ನಿ. ನಾನು ಮಾಡುವುದು ಇದನ್ನೇ. ಅದನ್ನು ವಿವರಿಸುವ ಮೊದಲು ಗುರುತು ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ನೀವು ಕಂಡುಕೊಳ್ಳಬೇಕು, ಏಕೆಂದರೆ ಅದು ಒಂದೇ ಕಡೆ ಕಳೆದುಹೋಗುವುದಿಲ್ಲ.

ಮೊದಲನೆಯ ಸೋರಿಕೆ ಮಾದರಿಗೂ ಮುಂಚಿನದು. ಅನೇಕ ಫೋನುಗಳ ಮುಂಬದಿಯ ಕ್ಯಾಮೆರಾ ಚರ್ಮವನ್ನು ತಾನಾಗಿಯೇ ನಯಗೊಳಿಸುತ್ತದೆ. ಸಂದೇಶದ ಆ್ಯಪ್ ಮೂಲಕ ಬಂದ ಫೋಟೋ ಕುಗ್ಗಿರುತ್ತದೆ. ಸಾಮಾನ್ಯ ಜೆಪೆಗ್ ಕಡತದಲ್ಲಿ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಒರಟಾಗಿ ಇಡುವ ಪದ್ಧತಿ ಇರುವುದರಿಂದ ತಿಳಿ ಕೆಂಪು ಹುಟ್ಟುಮಚ್ಚೆಯ ಅಂಚು ಅಲ್ಲಿಯೇ ಕಲಸಿಹೋಗಬಹುದು. ಮೂಲ ಕಡತವನ್ನೇ ಕೇಳಿ ಪಡೆದು, ಅದನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಗದ್ದದ ಗೆರೆ ನಿಮ್ಮ ಕಣ್ಣಿಗೇ ಕಾಣುತ್ತದೆಯೇ ಎಂದು ನೋಡಿ. ಕಾಣದಿದ್ದರೆ ಬೇರೆ ಫೋಟೋ ಬೇಕು.

ಎರಡನೆಯದು ಚಿತ್ರವನ್ನು ಕುಗ್ಗಿಸುವ ಹಂತ. ಸ್ಟೇಬಲ್ ಡಿಫ್ಯೂಷನ್ ನಿಮ್ಮ ಫೋಟೋದ ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಅಗಲದಲ್ಲಿ 8, ಎತ್ತರದಲ್ಲಿ 8 ಪಿಕ್ಸೆಲ್‌ಗಳ ಒಂದೊಂದು ಚೌಕವನ್ನು ಒಂದೊಂದು ಕೋಶವಾಗಿ ಕುಗ್ಗಿಸಿಕೊಳ್ಳುವುದರಿಂದ 512 ಪಿಕ್ಸೆಲ್ ಅಗಲದ ಚಿತ್ರ ಅದರ ಪಾಲಿಗೆ 64 ಕೋಶಗಳ ಅಗಲದ್ದು. ಸೊಂಟದವರೆಗಿನ ಫೋಟೋ ಕೊಟ್ಟಿದ್ದೀರಿ, ಅದರಲ್ಲಿ ಮುಖದ ಅಗಲ 120 ಪಿಕ್ಸೆಲ್ ಇದೆ ಎಂದುಕೊಳ್ಳಿ. ನಿಜವಾದ ಮುಖ ಸುಮಾರು 140 ಮಿಲಿಮೀಟರ್ ಅಗಲವಿದ್ದರೆ 4 ಮಿಲಿಮೀಟರಿನ ಮಚ್ಚೆಗೆ ಸಿಗುವುದು ಸುಮಾರು ಮೂರೂವರೆ ಪಿಕ್ಸೆಲ್, ಅಂದರೆ ಒಂದು ಕೋಶದ ಅರ್ಧಕ್ಕಿಂತ ಕಡಿಮೆ. ಅದು ಉಳಿದರೆ ಅದೃಷ್ಟ. ಮುಖವನ್ನು ಮಾತ್ರ ಕತ್ತರಿಸಿಕೊಂಡು, 1024 ಪಿಕ್ಸೆಲ್ ಚಿತ್ರದಲ್ಲಿ ಅದು 700 ಪಿಕ್ಸೆಲ್ ಅಗಲ ತುಂಬುವಂತೆ ಇಟ್ಟರೆ ಅದೇ ಮಚ್ಚೆ 20 ಪಿಕ್ಸೆಲ್ ಆಗುತ್ತದೆ. ಆದರೆ 1 ಮಿಲಿಮೀಟರ್ ಅಗಲದ ಗಾಯದ ಗೆರೆ ಆಗಲೂ 5 ಪಿಕ್ಸೆಲ್ ಮಾತ್ರ, ಒಂದು ಕೋಶಕ್ಕಿಂತ ಚಿಕ್ಕದು. ಗದ್ದದ ಗೆರೆಗೆ ಬೇರೆಯೇ ಉಪಚಾರ ಬೇಕಾಗುವುದು ಈ ಕಾರಣಕ್ಕೆ.

ಮೂರನೆಯದು ಎಲ್ಲರಿಗೂ ಗೊತ್ತಿರುವ `Denoising strength`. ಫೋಟೋದ ಮೇಲೆ ಎಷ್ಟು ನಾಯ್ಸ್ ಸುರಿದು, ಅದರಡಿಯಿಂದ ಚಿತ್ರವನ್ನು ಎಷ್ಟರಮಟ್ಟಿಗೆ ಹೊಸದಾಗಿ ಕಟ್ಟಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ನಾಯ್ಸ್ ಮೊದಲು ನುಂಗುವುದು ಸಣ್ಣ ವಿವರಗಳನ್ನು. ತಲೆಯ ಆಕಾರ, ದೊಡ್ಡ ನೆರಳುಗಳು ಕೊನೆಯವರೆಗೆ ಬದುಕಿರುತ್ತವೆ. ಖಾಲಿಯಾದ ಜಾಗವನ್ನು ಮಾದರಿ ತನಗೆ ರೂಢಿಯಾದ ಚರ್ಮದಿಂದ ತುಂಬುತ್ತದೆ, ಆ ರೂಢಿಯ ಚರ್ಮ ನಯವಾದದ್ದು. ತೊನ್ನಿನ ಭಾಗಗಳು ದೊಡ್ಡವಾಗಿದ್ದರೂ ಅಳಿಯುವುದಕ್ಕೆ ಇನ್ನೊಂದು ಕಾರಣವಿದೆ. ಮಾದರಿ ಆ ಬಿಳಿಯನ್ನು ಚರ್ಮದ ಬಣ್ಣ ಎಂದು ಓದದೆ, ಚರ್ಮದ ಮೇಲೆ ಬಿದ್ದ ಬೆಳಕು ಎಂದು ಓದುತ್ತದೆ. ಬೆಳಕಿನ ಕಡೆಯ ಕೆನ್ನೆಯಲ್ಲಿ ಅದು ಹೊಳಪಾಗಿ ಹಿಗ್ಗುತ್ತದೆ, ನೆರಳಿನ ಕಡೆಯಲ್ಲಿ ಬೆಳಕು ಬರಲು ಕಾರಣವೇ ಇಲ್ಲವಾದ್ದರಿಂದ ಅಳಿದುಹೋಗುತ್ತದೆ. ಒಂದೇ ಕೆನ್ನೆಯ ಕೆಂಪು ಹುಟ್ಟುಮಚ್ಚೆ ಎರಡೂ ಕೆನ್ನೆಗಳ ನಾಚಿಕೆಯ ಕೆಂಪಾಗಿ ಬದಲಾಗುವುದನ್ನೂ ನಾನು ಪದೇ ಪದೇ ಕಂಡಿದ್ದೇನೆ.

ಕೊನೆಯದು ಚಿತ್ರ ಮುಗಿದ ಮೇಲಿನ ಒರೆಸುವಿಕೆ. `Restore faces` ಗುರುತು ಹಾಕಿದ್ದರೆ ಅದನ್ನು ತೆಗೆಯಿರಿ. ಅದರ ಹಿಂದೆ ಕೆಲಸ ಮಾಡುವ `GFPGAN`, `CodeFormer` ಮೊದಲಾದವು ಹಾಳಾದ ಮುಖಗಳನ್ನು ಸರಿಪಡಿಸಲೆಂದೇ ಹುಟ್ಟಿದವು. ಸುಕ್ಕನ್ನೂ ಗಾಯದ ಗೆರೆಯನ್ನೂ ಅವು ಹಾಳಾದ ಭಾಗವೆಂದೇ ಎಣಿಸಿ ಮುಚ್ಚಿಬಿಡಬಹುದು. ಹಾಗೆಯೇ ಚಿತ್ರದಲ್ಲಿ ಏನು ಬರಬಾರದು ಎಂದು ಹೇಳಲು ಎಲ್ಲಿಂದಲೋ ನಕಲು ಮಾಡಿಕೊಂಡ ನೆಗೆಟಿವ್ ಪ್ರಾಂಪ್ಟನ್ನು ಒಮ್ಮೆ ಪೂರ್ತಿ ಓದಿ. ಅದರಲ್ಲಿ `skin spots`, `blemishes`, `age spot`, `wrinkles` ಎಂಬ ಪದಗಳು ಕುಳಿತಿರುವುದು ತೀರ ಸಾಮಾನ್ಯ, ಕೆಲವೊಮ್ಮೆ ಅವುಗಳ ಪಕ್ಕದಲ್ಲಿ `ugly` ಕೂಡ ಇರುತ್ತದೆ. ಒಬ್ಬರ ಮುಖವನ್ನು ಆ ಪದಗಳ ಎದುರು ಇಟ್ಟು ಚಿತ್ರ ಮಾಡುತ್ತಿದ್ದೆವು ಎಂದು ತಿಳಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು.

ಇವುಗಳಲ್ಲಿ ಯಾವುದು ನಿಮ್ಮ ಕಾರಣ ಎಂದು ತಿಳಿಯಲು ನಾಯ್ಸ್ ಪ್ರತಿಬಾರಿ ಒಂದೇ ಆಗಿರಲೆಂದು ಸೀಡ್ ಸಂಖ್ಯೆಯನ್ನು ಬದಲಿಸದೆ ಒಂದೇ ಫೋಟೋವನ್ನು ಐದು ಬಾರಿ ಓಡಿಸಿ: ಸ್ಟ್ರೆಂತ್ 0.05, 0.2, 0.35, 0.5, 0.65. ಮೊದಲನೆಯದರಲ್ಲಿ ಮಾದರಿ ಹೆಚ್ಚೇನೂ ಬರೆಯುವುದಿಲ್ಲ, ಕುಗ್ಗಿಸಿ ಹಿಗ್ಗಿಸುವ ಕೆಲಸವಷ್ಟೇ ನಡೆಯುತ್ತದೆ. ಗದ್ದದ ಗೆರೆ ಅಲ್ಲಿಯೇ ಮಸುಕಾಗಿದ್ದರೆ ಕಾರಣ ಗಾತ್ರ, ಸ್ಟ್ರೆಂತ್ ಇಳಿಸುವುದರಿಂದ ಏನೂ ಆಗದು. 0.35ರವರೆಗೆ ಇದ್ದು 0.5ರಲ್ಲಿ ಹೋದರೆ ಕಾರಣ ಮಾದರಿಯ ರೂಢಿ.

ಇನ್ನು ಚಿತ್ರಕ್ಕಿಂತ ಮೊದಲು ನಡೆಯಬೇಕಾದ ಮಾತುಕತೆ. ಇದನ್ನು ಶಿಷ್ಟಾಚಾರವೆಂದು ನಾನು ಹೇಳುತ್ತಿಲ್ಲ, ಬೇಕಾದ ಜಾಗವನ್ನು ಬಿಳಿಯಾಗಿ, ಉಳಿದದ್ದನ್ನು ಕಪ್ಪಾಗಿ ತೋರಿಸುವ ಮಾಸ್ಕ್ ಬರೆಯಲು ಬೇಕಾದ ಮಾಹಿತಿ ಬರುವುದೇ ಅಲ್ಲಿಂದ. ಗುರುತುಗಳನ್ನೆಲ್ಲ ಉಳಿಸಿಬಿಡುವುದು ಗೌರವ ಎಂದು ನಾನು ಮೊದಲು ಭಾವಿಸಿದ್ದೆ, ಅದು ತಪ್ಪಾಗಿತ್ತು. ಒಬ್ಬರು ಹುಟ್ಟುಮಚ್ಚೆಯನ್ನು ತಮ್ಮ ಮುಖದ ಭಾಗವೆಂದು ಕಾಣುತ್ತಾರೆ, ಅದೇ ವಾರ ಎದ್ದ ಮೊಡವೆಯನ್ನು ಹಾಗೆ ಕಾಣುವುದಿಲ್ಲ. ಇನ್ನೊಬ್ಬರಿಗೆ ಗಾಯದ ಗೆರೆ ನೋಡಿದಾಗಲೆಲ್ಲ ನೆನಪಾಗುವುದು ಮರೆಯಬೇಕೆಂದಿರುವ ಒಂದು ದಿನ. ಅದನ್ನು ಹಟ ಹಿಡಿದು ಚಿತ್ರದಲ್ಲಿ ತರುವುದು, ಕೇಳದೆ ಅಳಿಸಿದಷ್ಟೇ ದೊಡ್ಡ ಅತಿಕ್ರಮ. ಆದ್ದರಿಂದ "ಇದನ್ನು ತೆಗೆಯಲೇ?" ಎಂದು ಕೇಳಬೇಡಿ. ಆ ಪ್ರಶ್ನೆಯಲ್ಲೇ ಅದು ತೆಗೆಯಬೇಕಾದದ್ದು ಎಂಬ ಸೂಚನೆ ಇದೆ, ಸಂಕೋಚದಿಂದ ಜನ ಹೂಂ ಎನ್ನುತ್ತಾರೆ. ಫೋಟೋವನ್ನು ಅವರಿಗೇ ಕಳಿಸಿ, "ಚಿತ್ರದಲ್ಲಿ ಇದು ಇಲ್ಲದಿದ್ದರೆ ನಾನು ನಾನಾಗಿ ಕಾಣುವುದಿಲ್ಲ ಎಂದು ನಿಮಗೆ ಅನಿಸುವ ಜಾಗಗಳ ಸುತ್ತ ಗೆರೆ ಎಳೆದು ಕಳಿಸಿ, ಬಿಟ್ಟುಬಿಡಬಹುದಾದದ್ದು ಇದ್ದರೆ ಅದನ್ನೂ ತಿಳಿಸಿ" ಎಂದು ಕೇಳಿ. ಅವರು ಎಳೆದ ಗೆರೆಯೇ ನಿಮ್ಮ ಮಾಸ್ಕಿನ ಮೊದಲ ಕರಡು.

ಅವರು ಬಳಸುವ ಪದವನ್ನೂ ಗಮನಿಸಿ. ತೊನ್ನು ಎಂಬ ಪದವನ್ನು ಸಹಜವಾಗಿ ಆಡುವವರಿದ್ದಾರೆ. ಅದೇ ಪದವನ್ನು ಬೈಗುಳವಾಗಿ ಕೇಳಿಸಿಕೊಂಡು ಬೆಳೆದವರಿಗೆ ಅದು ಚುಚ್ಚುತ್ತದೆ, ಅವರು ವಿಟಿಲಿಗೊ ಎನ್ನುತ್ತಾರೆ. ಅವರ ಬಾಯಲ್ಲಿ ಬಂದ ಪದವನ್ನೇ ನೀವೂ ಬಳಸಿ. ಈ ಬಿಳಿ ಭಾಗಗಳು ಕಾಲದೊಂದಿಗೆ ಹರಡಬಹುದು, ಚಿಕಿತ್ಸೆಯಿಂದ ಅಥವಾ ತಾವಾಗಿಯೇ ಒಳಗಿನಿಂದ ಬಣ್ಣ ಮರಳಬಹುದು. ಆದ್ದರಿಂದ ಎರಡು ವರ್ಷ ಹಳೆಯ ಫೋಟೋದ ಮುಖ ಬೇಕೇ, ಇಂದಿನದು ಬೇಕೇ ಎಂಬುದೂ ಅವರೇ ಹೇಳಬೇಕಾದ ಮಾತು.

ಇನ್ನೂ ಒಂದನ್ನು ಕೇಳಲೇಬೇಕು. ಜನ ತಮ್ಮ ಮುಖವನ್ನು ಹೆಚ್ಚಾಗಿ ನೋಡುವುದು ಕನ್ನಡಿಯಲ್ಲಿ. ಬಲಗಣ್ಣಿನ ಸುತ್ತಲಿನ ಬಿಳಿ ಕನ್ನಡಿಯಲ್ಲಿ ಅವರ ಬಲಗಡೆಗೇ ಕಾಣುತ್ತದೆ. ಎದುರು ನಿಂತು ನೋಡುವವರಿಗೆ ಅದು ಎಡಗಡೆ. ಕೆಲವು ಫೋನುಗಳು ಸೆಲ್ಫಿಯನ್ನು ಕನ್ನಡಿಯಂತೆಯೇ ತಿರುಗಿಸಿ ಉಳಿಸುತ್ತವೆ, ಕೆಲವು ಹಾಗೆ ಮಾಡುವುದಿಲ್ಲ. ಒಮ್ಮೆ ಒಬ್ಬ ಹಿರಿಯರು ನನಗೆ "ಮಚ್ಚೆ ತಪ್ಪು ಕೆನ್ನೆಯಲ್ಲಿದೆ" ಎಂದು ಬರೆದರು. ನಾನು ನೋಡಿದರೆ ಎಲ್ಲರಿಗೂ ಕಾಣುವಂತೆ ಚಿತ್ರ ಸರಿಯಾಗಿತ್ತು, ಆದರೆ ಅವರು ಕನ್ನಡಿಯಲ್ಲಿ ಎಪ್ಪತ್ತು ವರ್ಷ ನೋಡಿದ್ದು ಆ ಮುಖವನ್ನಲ್ಲ. ತಿರುಗಿಸಿ ಕಳಿಸಿದೆ, ಅವರು ಅದನ್ನೇ ಇಟ್ಟುಕೊಂಡರು. ಆ ಚಿತ್ರ ಅವರ ಕೋಣೆಗೆ, ಅವರಿಗಾಗಿ ಮಾಡಿದ್ದು. ಅಲ್ಲಿ ಅವರು ಕಂಡ ಮುಖವೇ ಸರಿ.

ಈಗ ನೀವು ಬರೆದಂಥದ್ದೇ ಒಂದು ಮುಖದ ಮೇಲೆ ಕೆಲಸ ಹೇಗೆ ನಡೆಯಿತು ಎಂಬುದನ್ನು ಹೇಳುತ್ತೇನೆ. ಬಲಗಣ್ಣಿನ ಸುತ್ತ ಬಿಳಿ, ಗದ್ದದಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಗೆರೆ, ನಗುವಾಗ ಕಣ್ಣಂಚಿನಲ್ಲಿ ಮೂರು ಸುಕ್ಕು. ಮೂರೂ ಬೇಕೆಂದು ಅವರು ಗೆರೆ ಎಳೆದು ಕಳಿಸಿದ್ದರು. ಮೋಡದ ದಿನ ಕಿಟಕಿಯ ಬಳಿ ತೆಗೆದ ಫೋಟೋವನ್ನು ನಾನು ಕೇಳಿ ಪಡೆದೆ, ಏಕೆಂದರೆ ಬೆಳಕು ಸಮವಾಗಿದ್ದಷ್ಟೂ ಬಿಳಿಯನ್ನು ಹೊಳಪೆಂದು ಓದುವ ತಪ್ಪು ಕಡಿಮೆಯಾಗುತ್ತದೆ, ಅಳತೆಯೂ ಸರಿಯಾಗಿ ಸಿಗುತ್ತದೆ.

ಮುಖವನ್ನು 1024 ಪಿಕ್ಸೆಲ್‌ಗೆ ಕತ್ತರಿಸಿಕೊಂಡು ಎರಡು ಮಾಸ್ಕ್ ಬರೆದೆ. ಒಂದರಲ್ಲಿ ಬಿಳಿ ಭಾಗ ಮಾತ್ರ, ಅದರ ಏರಿಳಿತದ ಅಂಚಿನೊಂದಿಗೆ. ಇನ್ನೊಂದರಲ್ಲಿ ಅದರ ಪಕ್ಕದ ಸಹಜ ಬಣ್ಣದ ಚರ್ಮ, ಹುಬ್ಬು, ಕಣ್ಣುಗುಡ್ಡೆ, ಕೂದಲು ಸೇರದಂತೆ. ಎರಡನೆಯದನ್ನು ಕೈಯಿಂದಲೇ ಬರೆಯಿರಿ. ಮೊದಲ ಮಾಸ್ಕನ್ನು ಹಿಗ್ಗಿಸಿ ತಾನಾಗಿ ಮಾಡಿಕೊಳ್ಳಹೋದರೆ ಹುಬ್ಬಿನ ಕಪ್ಪು ಸೇರಿ ಲೆಕ್ಕ ಕೆಡುತ್ತದೆ.

ನಂತರ ಜಲವರ್ಣದ ಓಟ. ಮುಖದ ಆಕಾರ ಅಲುಗದಿರಲೆಂದು, ಫೋಟೋದ ರೂಪರೇಖೆಯನ್ನು ಮಾದರಿಗೆ ತಿಳಿಸುವ ಕಂಟ್ರೋಲ್‌ನೆಟ್ ಬಳಸಿದೆ, ಇಲ್ಲವಾದರೆ ಮಾಸ್ಕ್ ಮತ್ತು ಚಿತ್ರದ ಕಣ್ಣು ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಇಲ್ಲೊಂದು ಬಲೆ ಇದೆ. ಗೆರೆಗಳನ್ನು ಹಿಡಿಯುವ ಕ್ಯಾನಿ ಅಥವಾ ಲೈನ್‌ಆರ್ಟ್ ಬಗೆಯನ್ನು ಆರಿಸಿದರೆ ಬಿಳಿ ಭಾಗದ ಅಂಚೂ ಒಂದು ಗೆರೆಯಾಗಿ ಮಾದರಿಗೆ ತಲುಪುತ್ತದೆ. ಗೆರೆಗೆ ಬಣ್ಣವಿಲ್ಲದ ಕಾರಣ ಮಾದರಿ ಅದನ್ನು ಶಾಯಿಯ ರೇಖೆಯಾಗಿ ಬರೆದು, ಎರಡೂ ಬದಿಗೆ ಒಂದೇ ಚರ್ಮದ ಬಣ್ಣ ತುಂಬುತ್ತದೆ. ಮುಖ ಭೂಪಟದಂತೆ ಕಾಣುತ್ತದೆ. ಗೆರೆಯ ಚಿತ್ರವನ್ನು ಸಂಪಾದಿಸಲು ಬರುವಂತಿದ್ದರೆ ಆ ಅಂಚಿನ ಗೆರೆಗಳನ್ನು ಕಪ್ಪು ಬಣ್ಣದಿಂದ ಅಳಿಸಿ. ನಾನು ಅದರ ಬದಲು ಆಳವನ್ನು ಹೇಳುವ ಡೆಪ್ತ್ ಬಗೆಯನ್ನು ಬಳಸಿದೆ, ಅದಕ್ಕೆ ಚರ್ಮದ ಬಣ್ಣದ ಅಂಚುಗಳಿಂದ ಹೆಚ್ಚಿನ ತೊಂದರೆ ಇಲ್ಲ. ಸ್ಟ್ರೆಂತ್ 0.5.

ಚಿತ್ರ ಬಂದ ಮೇಲೆ ಅಳತೆ. ಬಣ್ಣವನ್ನು ಲ್ಯಾಬ್ ಎಂಬ ಪದ್ಧತಿಯಲ್ಲಿ ನೋಡಿದರೆ ಬೆಳಕಿನ ಪ್ರಮಾಣ 0ಯಿಂದ 100ರವರೆಗೆ ಒಂದೇ ಸಂಖ್ಯೆಯಲ್ಲಿ ಸಿಗುತ್ತದೆ, ಕೆಂಪು ಹಸಿರು ಮತ್ತು ಹಳದಿ ನೀಲಿಗಳ ಪಾಲು ಬೇರೆ ಎರಡು ಸಂಖ್ಯೆಗಳಲ್ಲಿ. ಫೋಟೋದಲ್ಲಿ ಸುತ್ತಲ ಚರ್ಮ 52, ಬಿಳಿ ಭಾಗ 71, ವ್ಯತ್ಯಾಸ 19. ಜಲವರ್ಣದಲ್ಲಿ ಅವು 57 ಮತ್ತು 61 ಆಗಿದ್ದವು, ವ್ಯತ್ಯಾಸ ಕೇವಲ 4. ಕಣ್ಣಿಗೆ ಅದು ಸ್ವಲ್ಪ ಬೆಳಕು ಬಿದ್ದ ಕೆನ್ನೆಯಂತೆ ಕಾಣುತ್ತಿತ್ತು.

ಹಾಗೆಂದು 19ನ್ನೇ ಮರಳಿ ತುಂಬಬಾರದು. ಜಲವರ್ಣದ ಶೈಲಿ ಇಡೀ ಚಿತ್ರದ ಏರಿಳಿತವನ್ನು ತಗ್ಗಿಸಿರುತ್ತದೆ. ಎಲ್ಲವೂ ತಗ್ಗಿದ ಚಿತ್ರದಲ್ಲಿ ಬಿಳಿ ಭಾಗವೊಂದೇ ಫೋಟೋದಷ್ಟು ಗಾಢವಾಗಿ ನಿಂತರೆ ಅದು ಮುಖದ ಮೇಲೆ ಅಂಟಿಸಿದಂತೆ ಕಂಡು, ಅವರು ಬಯಸಿದ್ದಕ್ಕಿಂತ ಹೆಚ್ಚಿಗೆ ಎದ್ದು ಕಾಣುತ್ತದೆ. ಶೈಲಿ ಎಷ್ಟು ತಗ್ಗಿಸಿದೆ ಎಂದು ತಿಳಿಯಲು ಮಾದರಿಗೆ ಅಳಿಸುವ ಚಪಲವಿಲ್ಲದ ಇನ್ನೊಂದು ಭಾಗವನ್ನು ಸಾಕ್ಷಿಯಾಗಿ ತೆಗೆದುಕೊಳ್ಳಿ. ನಾನು ಹುಬ್ಬನ್ನು ನೋಡಿದೆ. ಫೋಟೋದಲ್ಲಿ ಹುಬ್ಬಿಗೂ ಚರ್ಮಕ್ಕೂ ವ್ಯತ್ಯಾಸ 30, ಚಿತ್ರದಲ್ಲಿ 24. ಅಂದರೆ ಶೈಲಿ ಐದರಲ್ಲಿ ನಾಲ್ಕು ಪಾಲನ್ನು ಉಳಿಸಿದೆ. ಅದೇ ನ್ಯಾಯ ಬಿಳಿ ಭಾಗಕ್ಕೂ ಸಲ್ಲಬೇಕು: 19ರ ಐದನೇ ನಾಲ್ಕು ಪಾಲು, ಸುಮಾರು 15. ಈ ಲೆಕ್ಕಕ್ಕೆ ಹನ್ನೊಂದು ಸಾಲು ಸಾಕು:

```python
import cv2, numpy as np
f = lambda p, k=1: cv2.imread(p, k).astype(np.float32) / 255
lab = lambda p: cv2.cvtColor(f(p), cv2.COLOR_BGR2LAB)
src, out = lab("photo.png"), lab("painted.png")
mark, skin = f("mark.png", 0), f("skin.png", 0)
mean = lambda im, w: (im * w[..., None]).sum((0, 1)) / w.sum()
gap = lambda im: mean(im, mark) - mean(im, skin)
soft = cv2.GaussianBlur(mark, (0, 0), 3)[..., None]
res = (out + soft * (0.8 * gap(src) - gap(out))).astype(np.float32)
bgr = cv2.cvtColor(res, cv2.COLOR_LAB2BGR)
cv2.imwrite("fixed.png", (bgr.clip(0, 1) * 255).astype(np.uint8))
```

ನಾಲ್ಕು ಕಡತಗಳೂ ಒಂದೇ ಗಾತ್ರದಲ್ಲಿರಬೇಕು. 255ರಿಂದ ಭಾಗಿಸುವುದನ್ನು ಬಿಡಬೇಡಿ. 8 ಬಿಟ್ ಚಿತ್ರವನ್ನು ಹಾಗೆಯೇ ಲ್ಯಾಬ್‌ಗೆ ತಿರುಗಿಸಿದರೆ ಓಪನ್‌ಸಿವಿ ಬೆಳಕನ್ನು 0ಯಿಂದ 255ರ ಅಳತೆಗೆ ಹಿಗ್ಗಿಸಿ ಕೊಡುತ್ತದೆ, ಆಗ ಸಂಖ್ಯೆಗಳನ್ನು ನೀವು ತಪ್ಪಾಗಿ ಓದುತ್ತೀರಿ. ಇಲ್ಲಿ ಫೋಟೋದ ಪಿಕ್ಸೆಲ್‌ಗಳು ಚಿತ್ರಕ್ಕೆ ಬರುವುದಿಲ್ಲ, ವ್ಯತ್ಯಾಸ ಮಾತ್ರ ಬರುತ್ತದೆ ಎಂಬುದನ್ನು ಗಮನಿಸಿ. ಕುಂಚದ ಹರಿವು, ಕಾಗದದ ತರಿ ಎಲ್ಲವೂ ಮಾದರಿ ಬರೆದಂತೆಯೇ ಉಳಿದು, ಆ ಭಾಗದ ಬಣ್ಣವೊಂದೇ ತನ್ನ ಜಾಗಕ್ಕೆ ಮರಳುತ್ತದೆ. ಕೆಂಪು ಅಥವಾ ಕಂದು ಹುಟ್ಟುಮಚ್ಚೆಗೂ ಇದೇ ಸಾಲುಗಳು ನಡೆಯುತ್ತವೆ, ಏಕೆಂದರೆ ವ್ಯತ್ಯಾಸವನ್ನು ಮೂರೂ ಸಂಖ್ಯೆಗಳಲ್ಲಿ ತೆಗೆದುಕೊಂಡಿದ್ದೇವೆ. ಮುಖದ ಎರಡು ಬದಿಗಳಲ್ಲಿ ಬೇರೆ ಬೇರೆ ಬೆಳಕು ಇದ್ದರೆ ಒಂದೊಂದು ಭಾಗಕ್ಕೂ ಬೇರೆ ಮಾಸ್ಕ್ ಬರೆದು ಬೇರೆಯಾಗಿಯೇ ಓಡಿಸಿ.

ಹೀಗೆ ಸಿಕ್ಕ ಚಿತ್ರವನ್ನು ಅದೇ ಪ್ರಾಂಪ್ಟಿನೊಂದಿಗೆ 0.2ರಲ್ಲಿ ಇನ್ನೊಮ್ಮೆ ಓಡಿಸಿದೆ. 30 ಹಂತಗಳ ಓಟದಲ್ಲಿ ಅಷ್ಟಕ್ಕೆ 6 ಹಂತ ನಡೆಯುತ್ತವೆ. ಅಂಚು ನೀರಿನಲ್ಲಿ ಹರಡಿದ ಬಣ್ಣದಂತೆ ಕೂಡಿಕೊಂಡಿತು, ವ್ಯತ್ಯಾಸ 15ರಿಂದ 13ಕ್ಕೆ ಇಳಿಯಿತು. ಈ ಇಳಿತ ಇದ್ದೇ ಇರುತ್ತದೆ, ಆದ್ದರಿಂದ ಈಗ ಮೊದಲೇ ಒಂದೆರಡು ಅಂಕ ಹೆಚ್ಚಿಗೆ ಇಡುತ್ತೇನೆ.

ಗದ್ದದ ಗೆರೆಗೆ ಈ ವಿಧಾನ ಸಾಲದು. ಗಾಯದ ಗುರುತು ಬಣ್ಣಕ್ಕಿಂತ ಹೆಚ್ಚಾಗಿ ಒಂದು ಸಣ್ಣ ದಿಣ್ಣೆ ಅಥವಾ ತಗ್ಗು. ಅದರ ಒಂದು ಅಂಚಿನಲ್ಲಿ ಬೆಳಕು, ಇನ್ನೊಂದರಲ್ಲಿ ನೆರಳು ಇರುತ್ತದೆ, ಸರಾಸರಿ ತೆಗೆದರೆ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಇಲ್ಲಿ ಫೋಟೋದ ಬೆಳಕಿನ ಪದರದಿಂದ ಅದರದೇ ಮಸುಕುಗೊಳಿಸಿದ ಪ್ರತಿಯನ್ನು ಕಳೆಯಬೇಕು. 6 ಪಿಕ್ಸೆಲ್‌ನಷ್ಟು ಮಸುಕು ಮಾಡಿದರೆ ಉಳಿಯುವುದು ಆ ಸಣ್ಣ ಏರಿಳಿತ ಮಾತ್ರ. ಅದನ್ನು ಗದ್ದದ ಮಾಸ್ಕಿನೊಳಗೆ ಚಿತ್ರದ ಬೆಳಕಿನ ಪದರಕ್ಕೆ ಕೂಡಿಸಬೇಕು. ಪೂರ್ತಿ ಪ್ರಮಾಣದಲ್ಲಿ ಕೂಡಿಸಿದಾಗ ಗೆರೆ ಈಗಷ್ಟೇ ಆದ ಗಾಯದಂತೆ ಕಂಡಿತು. 60 ಪ್ರತಿಶತಕ್ಕೆ ಇಳಿಸಿದಾಗ ಅದು ಹಳೆಯದಾಯಿತು. ಚಿತ್ರದಲ್ಲಿ ಬೆಳಕು ಫೋಟೋದಲ್ಲಿ ಇದ್ದ ಕಡೆಯಿಂದಲೇ ಬೀಳಬೇಕು. ಶೈಲಿ ಅದನ್ನು ಬದಲಿಸಿದ್ದರೆ ದಿಣ್ಣೆ ತಗ್ಗಾಗಿಯೂ ತಗ್ಗು ದಿಣ್ಣೆಯಾಗಿಯೂ ಕಾಣುತ್ತದೆ, ಆಗ ಗೆರೆಯನ್ನು ಕೈಯಿಂದ ಎರಡು ಎಳೆತದಲ್ಲಿ ಬರೆಯುವುದೇ ಲೇಸು.

ಸುಕ್ಕುಗಳಿಗೂ ಇದೇ ಉಪಾಯ, ಆದರೆ ಅಲ್ಲಿ ಅಪಾಯ ಎರಡೂ ಕಡೆಗಿದೆ. ನಯಗೊಳಿಸುವ ಮಾದರಿ ಅವನ್ನು ಅಳಿಸುತ್ತದೆ; ಗೆರೆಯನ್ನು ಹಿಡಿಯುವ ಕಂಟ್ರೋಲ್‌ನೆಟ್ ಅವನ್ನು ಶಾಯಿಯಲ್ಲಿ ಬರೆದು ವಯಸ್ಸಿಗೆ ಹತ್ತು ವರ್ಷ ಸೇರಿಸುತ್ತದೆ. ಶೈಲಿಯಲ್ಲಿ ಒಂದು ಸುಕ್ಕಿಗೆ ಒಂದೇ ತಿಳಿ ನೆರಳು ಸಾಕು. ಕಣ್ಣಂಚಿನ ಮೂರು ಗೆರೆಗಳಲ್ಲಿ ಉದ್ದದ ಎರಡನ್ನು ಅರ್ಧ ಪ್ರಮಾಣದಲ್ಲಿ ತಂದೆ, ಮೂರನೆಯದು ಎರಡನೆಯ ಓಟದಲ್ಲಿ ಸಣ್ಣ ಛಾಯೆಯಾಗಿ ಉಳಿಯಿತು. ನಗು ಮಾತ್ರ ಸುಕ್ಕಿನೊಂದಿಗೇ ಹೋಗಿ ಸುಕ್ಕಿನೊಂದಿಗೇ ಬರುತ್ತದೆ: ಅವುಗಳಿಲ್ಲದ ಚಿತ್ರದಲ್ಲಿ ತುಟಿಗಳು ನಗುತ್ತಿದ್ದವು, ಕಣ್ಣುಗಳು ನಗುತ್ತಿರಲಿಲ್ಲ.

ಕೊನೆಗೆ ರೆಪ್ಪೆಗೂದಲು. ತೊನ್ನು ಕಣ್ಣಿನಂಚಿಗೆ ತಲುಪಿದಾಗ ಅಲ್ಲಿನ ರೆಪ್ಪೆಗೂದಲುಗಳೂ ಬೆಳ್ಳಗಾಗುವುದುಂಟು. ಈ ಮುಖದಲ್ಲಿ ಬಲಗಣ್ಣಿನ ಹೊರ ಅಂಚಿನ ಕೆಲವೇ ಎಳೆಗಳು ಬಿಳಿಯಾಗಿದ್ದವು. ಅವು 2 ಪಿಕ್ಸೆಲ್‌ಗಿಂತ ದಪ್ಪವಿಲ್ಲದ್ದರಿಂದ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಮಾದರಿ ಪ್ರತಿಬಾರಿಯೂ ಅವನ್ನು ಕಪ್ಪಾಗಿಸುತ್ತದೆ. ಎಲ್ಲ ಓಟಗಳೂ ಮುಗಿದ ಮೇಲೆ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಐದು ಎಳೆಗಳನ್ನು ಕೈಯಿಂದ ಬರೆದೆ. ಚಿತ್ರ ನೋಡಿ ಅವರು ಮೊದಲು ಗುರುತಿಸಿದ್ದು ಆ ರೆಪ್ಪೆಗಳನ್ನೇ.

ನೀವು ಮುಖದ ಹೋಲಿಕೆಯನ್ನು ಅಳೆಯುವ ಅಂಕವನ್ನು ನೋಡಿ ಚಿತ್ರ ಸರಿ ಇದೆ ಎಂದುಕೊಳ್ಳುತ್ತಿದ್ದರೆ ಅದನ್ನು ಕೈಬಿಡಿ. ಆರ್ಕ್‌ಫೇಸ್ ಮೊದಲಾದವು ಮುಖವನ್ನು 112 ಪಿಕ್ಸೆಲ್‌ನ ಚೌಕಕ್ಕೆ ಕುಗ್ಗಿಸಿ 512 ಸಂಖ್ಯೆಗಳ ಸಾಲಾಗಿ ಮಾಡಿಕೊಳ್ಳುತ್ತವೆ. ಬೆಳಕು, ವಯಸ್ಸು, ಪ್ರಸಾಧನ ಬದಲಾದರೂ ಅದೇ ವ್ಯಕ್ತಿ ಎಂದು ಹೇಳುವುದು ಅವುಗಳ ಉದ್ದೇಶ. ಚರ್ಮದ ಗುರುತನ್ನು ಕಡೆಗಣಿಸುವುದನ್ನು ಅವು ಕಲಿತಿರುವುದೇ ಹೆಚ್ಚು. ನಿಮ್ಮ ಮೊದಲ ಚಿತ್ರಕ್ಕೂ ಒಳ್ಳೆಯ ಅಂಕವೇ ಬಂದಿರುತ್ತದೆ. ಅಂಥ ಸಂಖ್ಯೆಗಳನ್ನು ಮಾದರಿಗೆ ಊಡಿಸಿ ಮುಖ ಉಳಿಸುವ ಇನ್‌ಸ್ಟಂಟ್‌ಐಡಿ, ಐಪಿ ಅಡಾಪ್ಟರಿನ ಫೇಸ್‌ಐಡಿ ಬಗೆಗಳಿಂದ ಗುರುತು ಉಳಿಯದಿರುವುದಕ್ಕೂ ಇದೇ ಕಾರಣ. ನಂಬಬೇಕಾದದ್ದು ಮಾಸ್ಕಿನೊಳಗಿನ ವ್ಯತ್ಯಾಸದ ಸಂಖ್ಯೆಯನ್ನು. ಅದರ ಜೊತೆಗೆ ಚಿತ್ರವನ್ನು ಅಂಗೈಯಷ್ಟು ಗಾತ್ರಕ್ಕೆ ಕುಗ್ಗಿಸಿ, ಫೋಟೋದ ಪಕ್ಕದಲ್ಲಿಟ್ಟು, ಬಿಳಿ ಭಾಗ ಎರಡರಲ್ಲೂ ಒಂದೇ ಹೊತ್ತಿಗೆ ಕಣ್ಣಿಗೆ ಬೀಳುತ್ತದೆಯೇ ಎಂದು ನೋಡಬೇಕು. ಚಿತ್ರದಲ್ಲಿ ಅದೇ ಮೊದಲು ಕಣ್ಣಿಗೆ ಬಿದ್ದರೆ ಪ್ರಮಾಣ ಹೆಚ್ಚಾಗಿದೆ.

ಒಬ್ಬರದೇ ಚಿತ್ರಗಳನ್ನು ಅನೇಕ ಭಂಗಿಗಳಲ್ಲಿ ಮಾಡಬೇಕಿದ್ದರೆ ಈ ಕೈಕೆಲಸ ಭಾರವಾಗುತ್ತದೆ, ಆಗ ಅವರ 15ರಿಂದ 20 ಫೋಟೋಗಳಿಂದ ಲೋರಾ ಎಂಬ, ಮಾದರಿಗೆ ಜೋಡಿಸುವ ಸಣ್ಣ ಕಡತವೊಂದನ್ನು ತರಬೇತಿ ಮಾಡಬಹುದು. ತರಬೇತಿಯಲ್ಲಿ ಚಿತ್ರಗಳನ್ನು ಎಡಬಲ ತಿರುಗಿಸುವ ಆಯ್ಕೆಯನ್ನು ಮುಚ್ಚಿಬಿಡಿ. ಹಾಗೆಯೇ ಕನ್ನಡಿಯಂತೆ ತಿರುಗಿದ ಸೆಲ್ಫಿಗಳನ್ನು ಹೊರಗಿಡಿ. ಎರಡರಲ್ಲಿ ಒಂದು ಉಳಿದರೂ ಬಲಗಣ್ಣಿನ ಬಿಳಿ ಎರಡೂ ಕಣ್ಣುಗಳಿಗೆ ಹಂಚಿಹೋಗುತ್ತದೆ. ಅದಾದ ಮೇಲೂ ಅಂಚಿನ ಆಕಾರ ಅಂದಾಜಿನದೇ ಆಗಿರುತ್ತದೆ, ಆದ್ದರಿಂದ ಒಂದೇ ಭಾವಚಿತ್ರ ಬೇಕಾದಾಗ ನಾನು ಮಾಸ್ಕಿನ ದಾರಿಯನ್ನೇ ಹಿಡಿಯುತ್ತೇನೆ.

ಆ ಮಹಿಳೆಗೆ ಹೊಸ ಚಿತ್ರ ಕಳಿಸುವಾಗ ಗುರುತಿನ ಪ್ರಮಾಣವನ್ನು ಬೇರೆ ಬೇರೆ ಇಟ್ಟ ಎರಡು ಪ್ರತಿಗಳನ್ನು ಒಂದೇ ಗಾತ್ರದಲ್ಲಿ ಕಳಿಸಿ. ಒಂದಕ್ಕೆ ಸುಧಾರಿಸಿದ್ದು, ಇನ್ನೊಂದಕ್ಕೆ ಸಹಜ ಎಂದೆಲ್ಲ ಹೆಸರಿಡದೆ 1, 2 ಎಂದಷ್ಟೇ ಬರೆಯಿರಿ, ನಿಮಗೆ ಯಾವುದು ಇಷ್ಟವಾಯಿತು ಎಂದು ಅವರು ಕೇಳುವವರೆಗೆ ಹೇಳಬೇಡಿ. ಅವರು ಒಂದನ್ನು ಒಪ್ಪಿದ ಮೇಲೆ ಮಾಸ್ಕ್‌ಗಳನ್ನೂ ಕತ್ತರಿಸಿದ ಫೋಟೋವನ್ನೂ ನಿಮ್ಮ ಕಂಪ್ಯೂಟರಿನಿಂದ ಅಳಿಸಿ, ಅಳಿಸಿದ್ದೇನೆ ಎಂದು ಅವರಿಗೆ ತಿಳಿಸಿ. ಆ ಕಡತಗಳು ಅವರ ಚರ್ಮದ ಸ್ಥಿತಿಯ ನಕ್ಷೆ. ಮುಂದೆ ಅವರು ಇನ್ನೊಂದು ಚಿತ್ರ ಕೇಳಿದರೆ ಹಳೆಯ ಮಾಸ್ಕ್ ಬಳಸುವಂತೆಯೂ ಇಲ್ಲ, ಬಿಳಿಯ ಅಂಚು ಅಷ್ಟರಲ್ಲಿ ಸರಿದಿರಬಹುದು. ಹೊಸ ಫೋಟೋ ತರಿಸಿಕೊಂಡು, ಗೆರೆ ಎಳೆದು ಕಳಿಸುವಂತೆ ಅವರನ್ನೇ ಮತ್ತೆ ಕೇಳಿ.